ರಾತ್ರಿ ಕೈಕೊಟ್ಟ ತ್ರೀಡಿ ಪ್ರಿಂಟ್

ತ್ರೀಡಿ ಪ್ರಿಂಟರಿನಲ್ಲಿ ಅಂಗೈಯಗಲದ ಒಂದು ಡಬ್ಬಿ ತಯಾರಾಗಲು ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಕೊಡದಷ್ಟು ದೊಡ್ಡ ಭಾಗವಾದರೆ ಹತ್ತು-ಹದಿನೈದು ಗಂಟೆಯೂ ಸಾಲದೆ ಹೋಗಬಹುದು. ಆದ್ದರಿಂದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದೊಡ್ಡ ಭಾಗಗಳನ್ನು ಸಂಜೆ ಹಚ್ಚಿ, ರಾತ್ರಿಯಿಡೀ ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ಬೆಳಿಗ್ಗೆ ಬಂದು ತೆಗೆದುಕೊಳ್ಳುವುದು ರೂಢಿ. ಬಹಳಷ್ಟು ಸಲ ಬೆಳಿಗ್ಗೆ ಭಾಗ ಸಿದ್ಧವಾಗಿರುತ್ತದೆ. ಕೆಲವು ಸಲ ಅರ್ಧಕ್ಕೆ ನಿಂತ ಪ್ಲಾಸ್ಟಿಕ್ ಗೋಡೆ ಕಾಣುತ್ತದೆ, ಇಲ್ಲವೇ ಬೆಡ್ ತುಂಬ ಎಳೆಎಳೆಯಾದ ರಾಶಿ ಬಿದ್ದಿರುತ್ತದೆ. ಅದು ಪ್ರಾಜೆಕ್ಟ್ ಪ್ರದರ್ಶನದ ದಿನದ ಬೆಳಗಾಗಿದ್ದರೆ ಮುಂದಿನ ಒಂದು ಗಂಟೆಯಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಇಲ್ಲಿ ಹೇಳುವುದು ಅಂಥ ಒಂದು ಬೆಳಗಿನ ಕಥೆ. ಕಥೆಯ ಇಬ್ಬರು ಗೆಳತಿಯರು ಕಲ್ಪಿತ ಪಾತ್ರಗಳು. ಒಬ್ಬಳು ಮೆಕ್ಯಾನಿಕಲ್ ವಿಭಾಗದವಳು, ಇನ್ನೊಬ್ಬಳು ಎಲೆಕ್ಟ್ರಾನಿಕ್ಸ್‌ನವಳು. ಆದರೆ ಯಂತ್ರ ಕೈಕೊಟ್ಟ ಬಗೆ, ಅದಕ್ಕೆ ಕಾರಣ, ಅವರು ಹಾಕಿದ ಲೆಕ್ಕ, ಭಾಗವನ್ನು ಉಳಿಸಿಕೊಂಡ ಕ್ರಮ ಎಲ್ಲವೂ ಪ್ರಿಂಟರ್ ಬಳಸುವವರಿಗೆ ದಿನವೂ ಎದುರಾಗುವಂಥವು.

ಯಂತ್ರ ಕೆಲಸ ಮಾಡುವ ರೀತಿ

ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಿಂಟರ್ ದಾರದಂಥ ಪ್ಲಾಸ್ಟಿಕ್ಕನ್ನು ಕರಗಿಸಿ ಪದರದ ಮೇಲೆ ಪದರ ಹಾಕುತ್ತದೆ. ಈ ದಾರಕ್ಕೆ ಫಿಲಮೆಂಟ್ ಎಂದು ಹೆಸರು. ಅದರ ದಪ್ಪ 1.75 ಮಿಲಿಮೀಟರ್. ಒಂದು ಕಿಲೋ ಫಿಲಮೆಂಟನ್ನು ಒಂದು ಸುರುಳಿಗೆ ಸುತ್ತಿ ಮಾರುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಪಿಎಲ್ಎ ಎಂಬ ಪ್ಲಾಸ್ಟಿಕ್. ಹಲ್ಲುಗಾಲಿಯೊಂದು ಫಿಲಮೆಂಟನ್ನು ಕಚ್ಚಿ ಹಿಡಿದು ಸುರುಳಿಯಿಂದ ಎಳೆದು, ಬಿಸಿ ನಾಜಲ್‌ನೊಳಕ್ಕೆ ತಳ್ಳುತ್ತದೆ. ಸುಮಾರು 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಲ್ಎ ಕರಗಿ, 0.4 ಮಿಲಿಮೀಟರ್ ರಂಧ್ರದಿಂದ ಹೊರಬಂದು, 60 ಡಿಗ್ರಿಯಷ್ಟು ಬಿಸಿಯಾದ ಬೆಡ್ ಮೇಲೆ ಗೆರೆಗೆರೆಯಾಗಿ ಕೂರುತ್ತದೆ. ಒಂದು ಪದರ ಮುಗಿದ ಮೇಲೆ ನಾಜಲ್ 0.2 ಮಿಲಿಮೀಟರ್ ಮೇಲೇರಿ ಮುಂದಿನ ಪದರ ಹಾಕುತ್ತದೆ.

ಈ ವಿಧಾನವನ್ನು ಅಮೆರಿಕದ ಸ್ಕಾಟ್ ಕ್ರಂಪ್ 1980ರ ದಶಕದ ಕೊನೆಯಲ್ಲಿ ರೂಪಿಸಿದರು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ರೆಪ್‌ರ‍್ಯಾಪ್ ಯೋಜನೆಯನ್ನು ಆರಂಭಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಪ್ರಿಂಟರಿನ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು. 2009ರಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದ ಮೇಲೆ ಬೆಲೆ ಇಳಿಯಿತು, ಯಂತ್ರ ಕಾಲೇಜುಗಳ ಪ್ರಯೋಗಾಲಯಕ್ಕೂ ಬಂತು.

ರಾತ್ರಿಯ ವೈಫಲ್ಯವನ್ನು ಅರ್ಥ ಮಾಡಿಕೊಳ್ಳಲು ಈ ಯಂತ್ರದ ಒಂದು ಗುಣ ತಿಳಿದಿರಬೇಕು. ಸಾಮಾನ್ಯ ಪ್ರಿಂಟರಿಗೆ ತಾನು ಮಾಡುತ್ತಿರುವ ಭಾಗ ಕಾಣುವುದಿಲ್ಲ. ನಾಜಲ್ ಇಂಥಲ್ಲಿಗೆ ಹೋಗಬೇಕು, ಇಷ್ಟು ಫಿಲಮೆಂಟ್ ತಳ್ಳಬೇಕು ಎಂಬ ಆಜ್ಞೆಗಳ ಉದ್ದ ಪಟ್ಟಿ ಅದರ ಬಳಿ ಇರುತ್ತದೆ. ಅದು ಒಂದೊಂದೇ ಸಾಲನ್ನು ಓದಿ ಮೋಟರುಗಳನ್ನು ತಿರುಗಿಸುತ್ತದೆ. ಪ್ಲಾಸ್ಟಿಕ್ ನಿಜಕ್ಕೂ ಹೊರಬಂತೇ, ಬಂದದ್ದು ಸರಿಯಾದ ಜಾಗದಲ್ಲಿ ಕೂತಿತೇ ಎಂದು ಅದು ತಿರುಗಿ ನೋಡುವುದಿಲ್ಲ. ಬಿಸಿಯನ್ನು ಮಾತ್ರ ಅದು ಅಳೆಯುತ್ತಲೇ ಇರುತ್ತದೆ. ಹಾಗಾಗಿ ನಡುರಾತ್ರಿ ಪ್ಲಾಸ್ಟಿಕ್ ಬರುವುದು ನಿಂತರೂ ಯಂತ್ರ ಬೆಳಗಿನವರೆಗೆ ಗಾಳಿಯಲ್ಲಿ ಗೆರೆ ಎಳೆಯುತ್ತಲೇ ಇರುತ್ತದೆ. ತೆರೆಯ ಮೇಲಿನ ಶೇಕಡಾವಾರು ಅಂಕೆಯೂ ಏರುತ್ತಲೇ ಹೋಗುತ್ತದೆ.

ಹಿಂದಿನ ಸಂಜೆ

ಗೆಳತಿಯರ ಪ್ರಾಜೆಕ್ಟ್ ಅಡಿಕೆಯನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಯಂತ್ರದ ಸಣ್ಣ ಮಾದರಿ. ಅದರ ಮುಖ್ಯ ಭಾಗ ರಂಧ್ರಗಳಿರುವ ಜರಡಿ ಡ್ರಮ್. ಡ್ರಮ್ ನಿಧಾನವಾಗಿ ತಿರುಗಿದಂತೆ ಸಣ್ಣ ಅಡಿಕೆ ರಂಧ್ರಗಳಿಂದ ಕೆಳಗೆ ಬೀಳುತ್ತದೆ, ದಪ್ಪನೆಯದು ಮುಂದಕ್ಕೆ ಉರುಳುತ್ತದೆ. ಡ್ರಮ್ಮಿನ ವ್ಯಾಸ 160 ಮಿಲಿಮೀಟರ್, ಎತ್ತರ 180 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್. ಇದನ್ನು ಪ್ರಿಂಟ್ ಮಾಡಲು ಸುಮಾರು 235 ಗ್ರಾಂ ಪಿಎಲ್ಎ, ಅಂದರೆ 79 ಮೀಟರಿನಷ್ಟು ಫಿಲಮೆಂಟ್ ಬೇಕು. 0.2 ಮಿಲಿಮೀಟರಿನಂತೆ 900 ಪದರ, 13 ಗಂಟೆಯ ಕೆಲಸ ಎಂದು ಸ್ಲೈಸರ್ ತೋರಿಸಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿದ ಮಾದರಿಯನ್ನು ಪದರಗಳಾಗಿ ಕತ್ತರಿಸಿ ಯಂತ್ರಕ್ಕೆ ಆಜ್ಞೆಗಳ ಪಟ್ಟಿ ತಯಾರಿಸುವ ತಂತ್ರಾಂಶವೇ ಸ್ಲೈಸರ್.

ಸಂಜೆ ಏಳಕ್ಕೆ ಕೆಲಸ ಹಚ್ಚಿದರೆ ಬೆಳಿಗ್ಗೆ ಎಂಟಕ್ಕೆ ಡ್ರಮ್ ಕೈಗೆ ಬರಬೇಕು. ಹತ್ತಕ್ಕೆ ಮಳಿಗೆಗಳು ತೆರೆಯುತ್ತವೆ, ಮಧ್ಯಾಹ್ನ ಎರಡರ ಮೇಲೆ ತೀರ್ಪುಗಾರರು ಬರುತ್ತಾರೆ. ಹಿಂದಿನ ಕೆಲಸದ ಕಪ್ಪು ಸುರುಳಿಯನ್ನು ತೆಗೆದು ಬಿಳಿಯದನ್ನು ಏರಿಸುವಾಗ ಬಿಳಿ ಫಿಲಮೆಂಟಿನ ತುದಿ ಒಮ್ಮೆ ಕೈಯಿಂದ ಜಾರಿತು. ಸುರುಳಿ ಸ್ವಲ್ಪ ಸಡಿಲವಾಯಿತು. ತುದಿಯನ್ನು ಮತ್ತೆ ಹಿಡಿದು ಯಂತ್ರಕ್ಕೆ ಕೊಟ್ಟರು. ಮೊದಲ ಪದರ ಬೆಡ್‌ಗೆ ಚೆನ್ನಾಗಿ ಅಂಟಿತು. ಅರ್ಧ ಗಂಟೆ ನಿಂತು ನೋಡಿ, ಎಲ್ಲವೂ ಸರಿಯಿದೆ ಎಂದು ಇಬ್ಬರೂ ಹಾಸ್ಟೆಲ್ಲಿಗೆ ಹೋದರು.

ಬೆಳಿಗ್ಗೆ ಏಳೂವರೆಗೆ

ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆದಾಗ ಯಂತ್ರ ಓಡುತ್ತಿತ್ತು, ತೆರೆಯ ಮೇಲೆ 96 ಶೇಕಡಾ ಎಂದು ಬರೆದಿತ್ತು. ಡ್ರಮ್ ಮಾತ್ರ ಸುಮಾರು 11 ಸೆಂಟಿಮೀಟರ್ ಎತ್ತರಕ್ಕೇ ನಿಂತಿತ್ತು. ನಾಜಲ್ ಅದಕ್ಕಿಂತ ಆರು ಸೆಂಟಿಮೀಟರ್ ಮೇಲೆ, ಬರಿಯ ಗಾಳಿಯಲ್ಲಿ, ಡ್ರಮ್ಮಿನ ದುಂಡನೆಯ ಗೋಡೆಯನ್ನು ಶ್ರದ್ಧೆಯಿಂದ ಸುತ್ತುತ್ತಿತ್ತು.

ಎಲೆಕ್ಟ್ರಾನಿಕ್ಸ್‌ನವಳು ಸ್ವಿಚ್ ಆರಿಸಲು ಕೈ ಚಾಚಿದಳು. ಇನ್ನೊಬ್ಬಳು ತಡೆದಳು: “ಪೂರ್ತಿ ಆಫ್ ಮಾಡ್ಬೇಡ ಕಣೇ. ಬರೀ ಪಾಸ್ ಮಾಡು. ಬೆಡ್ ಬಿಸಿ ಇರಲಿ, ಮೊದ್ಲು ಎತ್ತರ ಅಳಿಯೋಣ.”

ಈ ಮಾತಿಗೆ ಎರಡು ಕಾರಣಗಳಿದ್ದವು. ಬೆಡ್ ತಣ್ಣಗಾದರೆ ಪಿಎಲ್ಎ ಕುಗ್ಗಿ, ಭಾಗ ತಾನಾಗಿಯೇ ಬೆಡ್‌ನಿಂದ ಬಿಟ್ಟುಕೊಳ್ಳುತ್ತದೆ. ಹಾಗೆ ಒಮ್ಮೆ ಬಿಟ್ಟ ಮೇಲೆ ಅದೇ ಜಾಗದಿಂದ ಪ್ರಿಂಟ್ ಮುಂದುವರಿಸುವ ದಾರಿ ಮುಚ್ಚಿಹೋಗುತ್ತದೆ. ಎರಡನೆಯದಾಗಿ, ಕೆಟ್ಟು ನಿಂತ ಭಾಗವೇ ರಾತ್ರಿ ನಡೆದದ್ದರ ದಾಖಲೆ. ಎಲ್ಲಿ ನಿಂತಿತು, ಹೇಗೆ ನಿಂತಿತು ಎಂಬುದನ್ನು ನೋಡುವ ಮೊದಲೇ ಕಿತ್ತು ಬುಟ್ಟಿಗೆ ಎಸೆದರೆ ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯದೆ ಮತ್ತೆ ಹಚ್ಚಿದ ಪ್ರಿಂಟ್ ಮತ್ತೆ ಅಲ್ಲೇ ನಿಲ್ಲಬಹುದು.

ಕೆಟ್ಟ ಭಾಗವನ್ನು ಓದುವುದು

ರಾತ್ರಿಯ ವೈಫಲ್ಯಗಳು ಮೇಲ್ನೋಟಕ್ಕೆ ಒಂದೇ ಬಗೆಯ ನಷ್ಟವಾಗಿ ಕಂಡರೂ ಒಂದೊಂದೂ ಬೇರೆ ಗುರುತು ಬಿಟ್ಟಿರುತ್ತದೆ. ಮುಖ್ಯವಾಗಿ ನಾಲ್ಕು ಬಗೆ.

ಬೆಡ್ ತುಂಬ ಎಳೆಗಳ ರಾಶಿ ಬಿದ್ದಿದ್ದರೆ ಭಾಗ ನಡುವೆ ಬೆಡ್‌ನಿಂದ ಕಿತ್ತು ಬಂದಿದೆ ಎಂದು ಅರ್ಥ. ತಳದಲ್ಲಿ ಆಧಾರವಿಲ್ಲದೆ ನಾಜಲ್ ಸುರಿಸಿದ ಪ್ಲಾಸ್ಟಿಕ್ಕೆಲ್ಲ ಶಾವಿಗೆಯಂತೆ ಸುತ್ತಿಕೊಂಡಿರುತ್ತದೆ. ಇದಕ್ಕೆ ಬಹುಪಾಲು ಕಾರಣ ಮೊದಲ ಪದರ: ಬೆಡ್ ಮೇಲೆ ಬೆರಳಿನ ಜಿಡ್ಡು, ನಾಜಲ್‌ಗೂ ಬೆಡ್‌ಗೂ ನಡುವೆ ಹೆಚ್ಚಾದ ಅಂತರ, ಅಥವಾ ಫ್ಯಾನಿನ ಗಾಳಿಗೆ ಮೂಲೆಗಳು ತಣ್ಣಗಾಗಿ ಮೇಲಕ್ಕೆ ಮಡಚಿಕೊಂಡಿರುವುದು.

ಭಾಗ ಪೂರ್ತಿಯಾಗಿದ್ದರೂ ಒಂದು ಎತ್ತರದಿಂದ ಮೇಲಿನದೆಲ್ಲ ಪಕ್ಕಕ್ಕೆ ಸರಿದು ಮೆಟ್ಟಿಲಿನಂತೆ ಕಂಡರೆ ಮೋಟರ್ ಒಮ್ಮೆ ಹೆಜ್ಜೆ ತಪ್ಪಿದೆ. ಮೇಲೆದ್ದ ಅಂಚಿಗೆ ನಾಜಲ್ ತಾಗಿರಬಹುದು, ಬೆಲ್ಟ್ ಸಡಿಲವಿರಬಹುದು. ಜಾಗ ತಪ್ಪಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ಅದು ತಪ್ಪಿದ ಜಾಗದಿಂದಲೇ ಉಳಿದದ್ದನ್ನು ಮುಗಿಸುತ್ತದೆ.

ಯಂತ್ರವೇ ನಿಂತಿದ್ದು, ನಾಜಲ್ ಭಾಗದ ಮೇಲೇ ಕೂತಿದ್ದರೆ ಕರೆಂಟ್ ಹೋಗಿದೆ. ಪ್ರಾಜೆಕ್ಟ್ ಪ್ರದರ್ಶನಗಳು ಹೆಚ್ಚಾಗಿ ನಡೆಯುವುದು ಮೇ-ಜೂನ್ ತಿಂಗಳಲ್ಲಿ. ಗುಡುಗು ಮಳೆಗೆ ರಾತ್ರಿ ವಿದ್ಯುತ್ ಕೈಕೊಡುವುದೂ ಅದೇ ಕಾಲದಲ್ಲಿ. ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಹಲವು ಪ್ರಿಂಟರುಗಳಲ್ಲಿದೆ. ಆದರೆ ಅಷ್ಟರಲ್ಲಿ ಬೆಡ್ ಆರಿ ಭಾಗ ಸಡಿಲವಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಐದು ನಿಮಿಷದ ಕಡಿತಕ್ಕೆ ಅದು ನೆರವಾಗುತ್ತದೆ, ಎರಡು ಗಂಟೆಯ ಕಡಿತಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ.

ಗೆಳತಿಯರು ಕಂಡದ್ದು ನಾಲ್ಕನೆಯ ಬಗೆ. ಭಾಗ ಬೆಡ್ ಮೇಲೆ ಗಟ್ಟಿಯಾಗಿ ಕೂತಿದೆ, ಎಲ್ಲೂ ಪಕ್ಕಕ್ಕೆ ಸರಿದಿಲ್ಲ, ಯಂತ್ರ ಓಡುತ್ತಿದೆ. ಪ್ಲಾಸ್ಟಿಕ್ ಮಾತ್ರ ಬರುತ್ತಿಲ್ಲ. ಇದಕ್ಕೂ ಹಲವು ಕಾರಣಗಳಿರಬಹುದು: ಫಿಲಮೆಂಟ್ ಮುಗಿದಿರಬಹುದು, ತೇವ ಹೀರಿ ಪೆಡಸಾಗಿ ತುಂಡಾಗಿರಬಹುದು, ನಾಜಲ್ ಕಟ್ಟಿಕೊಂಡಿರಬಹುದು, ಸುರುಳಿಯಲ್ಲಿ ಗಂಟು ಬಿದ್ದಿರಬಹುದು. ಯಾವುದು ಎಂದು ತಿಳಿಯಲು ಸುರುಳಿಯಿಂದ ಆರಂಭಿಸಿ ನಾಜಲ್‌ವರೆಗೆ, ಪ್ಲಾಸ್ಟಿಕ್ ಸಾಗುವ ದಾರಿಯಲ್ಲೇ ನೋಡುತ್ತ ಹೋಗುವುದು ಸರಿಯಾದ ಕ್ರಮ.

ಸುರುಳಿಯಲ್ಲಿ ಬೇಕಾದಷ್ಟು ಫಿಲಮೆಂಟ್ ಉಳಿದಿತ್ತು. ಸುರುಳಿಯಿಂದ ಹಲ್ಲುಗಾಲಿಯವರೆಗಿನ ಎಳೆ ತಂಬೂರಿಯ ತಂತಿಯ ಹಾಗೆ ಬಿಗಿದುಕೊಂಡಿತ್ತು. ಸುರುಳಿಯನ್ನು ಕೈಯಿಂದ ತಿರುಗಿಸಿದರೆ ತಿರುಗಲಿಲ್ಲ. ಬಗ್ಗಿ ನೋಡಿದಾಗ ಎಳೆ ಪಕ್ಕದ ಸುತ್ತಿನ ಅಡಿಯಲ್ಲಿ ಸಿಕ್ಕಿಕೊಂಡಿರುವುದು ಕಂಡಿತು. ಹಲ್ಲುಗಾಲಿಯ ಸುತ್ತ ಬಿಳಿ ಪುಡಿ ಉದುರಿತ್ತು. ಎಳೆ ಮುಂದೆ ಬಾರದಿದ್ದರೂ ಗಾಲಿ ತಿರುಗುತ್ತಲೇ ಇದ್ದುದರಿಂದ ಅದರ ಹಲ್ಲುಗಳು ಒಂದೇ ಜಾಗದಲ್ಲಿ ಫಿಲಮೆಂಟನ್ನು ಅರ್ಧಚಂದ್ರಾಕಾರವಾಗಿ ಕೊರೆದುಹಾಕಿದ್ದವು.

ಸಂಜೆಯ ಗಂಟು, ನಡುರಾತ್ರಿಯ ಬಿಗಿತ

ಹೊಸ ಸುರುಳಿಯನ್ನು ಕಾರ್ಖಾನೆಯಲ್ಲಿ ಸುತ್ತುವಾಗ ಎಳೆ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತಾಗಿ ಕ್ರಮವಾಗಿ ಕೂರುತ್ತದೆ. ಹಾಗೆ ಸುತ್ತಿದ್ದರಲ್ಲಿ ಗಂಟು ತಾನಾಗಿ ಹುಟ್ಟುವುದು ಅಪರೂಪ. ಗಂಟು ಹುಟ್ಟುವುದು ಹೆಚ್ಚಾಗಿ ಬಳಸುವವರ ಕೈಯಲ್ಲಿ, ತುದಿ ಜಾರಿದಾಗ. ಸಡಿಲವಾದ ಸುತ್ತೊಂದರ ಅಡಿಯಿಂದ ತುದಿ ಒಮ್ಮೆ ನುಸುಳಿದರೆ ಸಾಕು, ಎಳೆ ತನ್ನದೇ ಸುತ್ತಿನ ಕೆಳಗೆ ಸಿಕ್ಕಿದಂತಾಗುತ್ತದೆ.

ಆದರೂ ಯಂತ್ರ ಆಗಲೇ ನಿಲ್ಲುವುದಿಲ್ಲ. ಸುತ್ತುಗಳು ಸಡಿಲವಾಗಿರುವವರೆಗೆ ಸಿಕ್ಕು ಎಳೆಯ ಜೊತೆಗೇ ಸುರುಳಿಯ ಮೇಲೆ ಸರಿಯುತ್ತ ಹೋಗುತ್ತದೆ. ಒಂದೊಂದು ಸುತ್ತು ಬಿಚ್ಚಿದಂತೆ ಸಡಿಲ ಕಡಿಮೆಯಾಗುತ್ತದೆ. ಕೊನೆಗೆ ಒಂದು ಕಡೆ ಮೇಲಿನ ಸುತ್ತು ಕೆಳಗಿನ ಎಳೆಯನ್ನು ಅದುಮಿ ಹಿಡಿಯುತ್ತದೆ. ಅಲ್ಲಿಂದ ಗಾಲಿ ಎಷ್ಟು ಎಳೆದರೂ ಬಿಗಿತ ಹೆಚ್ಚುತ್ತದೆಯೇ ಹೊರತು ಎಳೆ ಬರುವುದಿಲ್ಲ. ಸಂಜೆ ಅರ್ಧ ಗಂಟೆ ನಿಂತು ನೋಡಿದವರಿಗೆ ಇದು ಕಾಣದಿರುವುದು ಸಹಜ.

ಯಾವ ಹೊತ್ತಿಗೆ ನಿಂತಿತು ಎಂಬುದನ್ನು ಎತ್ತರವೇ ಹೇಳುತ್ತದೆ. ಕ್ಯಾಲಿಪರ್ಸ್‌ನಿಂದ ಅಳೆದಾಗ ಗೋಡೆ 112 ಮಿಲಿಮೀಟರ್ ಇತ್ತು, ಅಂದರೆ 560 ಪದರ. 13 ಗಂಟೆಯಲ್ಲಿ 900 ಪದರವಾದರೆ ಒಂದು ಪದರಕ್ಕೆ 52 ಸೆಕೆಂಡು. 560 ಪದರಕ್ಕೆ ಎಂಟು ಗಂಟೆ ಐದು ನಿಮಿಷ. ಸಂಜೆ ಏಳಕ್ಕೆ ಆರಂಭವಾದದ್ದು ಬೆಳಗಿನ ಜಾವ ಮೂರು ಗಂಟೆ ದಾಟುತ್ತಿದ್ದಂತೆ ನಿಂತಿದೆ. ಅಷ್ಟು ಹೊತ್ತಿಗೆ 49 ಮೀಟರ್ ಫಿಲಮೆಂಟ್ ಖರ್ಚಾಗಿತ್ತು. ತುದಿ ಜಾರಿದ ತಪ್ಪು ಫಲ ಕೊಡಲು ಅಷ್ಟು ದೂರ ಸಾಗಬೇಕಾಯಿತು.

ಯಂತ್ರದಲ್ಲಿ ಫಿಲಮೆಂಟ್ ಸೆನ್ಸರ್ ಇತ್ತಲ್ಲ, ಅದೇಕೆ ಎಚ್ಚರಿಸಲಿಲ್ಲ ಎಂಬ ಪ್ರಶ್ನೆ ಎಲೆಕ್ಟ್ರಾನಿಕ್ಸ್‌ನವಳಿಗೆ ಬಂತು. ಅಗ್ಗದ ಪ್ರಿಂಟರುಗಳ ಸೆನ್ಸರ್ ಒಂದು ಸಣ್ಣ ಸ್ವಿಚ್ ಅಷ್ಟೇ. ಫಿಲಮೆಂಟ್ ಅದರೊಳಗೆ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಗಂಟು ಬಿದ್ದಾಗ ಎಳೆ ಅಲ್ಲೇ ಇರುತ್ತದೆ, ಚಲಿಸುವುದಿಲ್ಲ ಅಷ್ಟೇ. ಆದ್ದರಿಂದ ಸ್ವಿಚ್ಚಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಳೆ ಸಾಗುತ್ತಿದೆಯೇ ಎಂದು ಅಳೆಯುವ ಸೆನ್ಸರುಗಳು ಬೇರೆಯೇ ಇವೆ. ಅವುಗಳೊಳಗೆ ಫಿಲಮೆಂಟಿನ ಜೊತೆ ತಿರುಗುವ ಸಣ್ಣ ಚಕ್ರವಿರುತ್ತದೆ. ಚಕ್ರ ನಿಂತರೆ ಯಂತ್ರವೂ ನಿಲ್ಲುತ್ತದೆ. ರಾತ್ರಿ ಕೆಲಸಕ್ಕೆ ಹಾಕಿಸಬೇಕಾದದ್ದು ಈ ಎರಡನೆಯದು.

ಮೂರು ದಾರಿ

ಎಂಟು ಗಂಟೆಯಾಗುತ್ತ ಬಂದಿತ್ತು. ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು ಇಡೀ ಡ್ರಮ್ಮನ್ನು ಮತ್ತೆ ಪ್ರಿಂಟ್ ಮಾಡುವುದು. ಪದರದ ದಪ್ಪವನ್ನು 0.2ರಿಂದ 0.28 ಮಿಲಿಮೀಟರಿಗೆ ಏರಿಸಿದರೆ ಪದರಗಳ ಸಂಖ್ಯೆ 643ಕ್ಕೆ ಇಳಿಯುತ್ತದೆ. ಒಂದು ಪದರಕ್ಕೆ ಅದೇ 52 ಸೆಕೆಂಡಿನಂತೆ ಒಂಬತ್ತು ಗಂಟೆಗೂ ಮೇಲೆ ಬೇಕು. ಸಂಜೆ ಐದಾಗುತ್ತದೆ. ವೇಗವನ್ನು ಇನ್ನೂ ಹೆಚ್ಚಿಸೋಣವೆಂದರೆ ನಾಜಲ್ ಪ್ಲಾಸ್ಟಿಕ್ಕನ್ನು ಕರಗಿಸುವ ಪ್ರಮಾಣಕ್ಕೆ ಮಿತಿಯಿದೆ. ಆ ಮಿತಿ ದಾಟಿದರೆ ಪ್ಲಾಸ್ಟಿಕ್ ಸಾಲದೆ ಗೋಡೆ ಜಾಳುಜಾಳಾಗುತ್ತದೆ. ಈ ದಾರಿ ಬಿಡಬೇಕಾಯಿತು.

ಎರಡನೆಯದು ನಿಂತ ಜಾಗದಿಂದಲೇ ಮುಂದುವರಿಸುವುದು. ಸ್ಲೈಸರಿನ ಆಜ್ಞೆಗಳ ಪಟ್ಟಿಯಲ್ಲಿ ಮೊದಲ 560 ಪದರಗಳನ್ನು ಅಳಿಸಿ ಉಳಿದದ್ದನ್ನು ಯಂತ್ರಕ್ಕೆ ಕೊಡಬಹುದು. ಅನುಭವಿಗಳು ಇದನ್ನು ಮಾಡುತ್ತಾರೆ. ಆದರೆ ಪ್ರತಿ ಪ್ರಿಂಟಿನ ಆರಂಭದಲ್ಲಿ ಬರುವ `G28` ಎಂಬ ಆಜ್ಞೆಯಲ್ಲಿ ಅಪಾಯವಿದೆ. ತನ್ನ ಮೂಲಸ್ಥಾನ ಹುಡುಕಲು ನಾಜಲ್ ಬೆಡ್‌ವರೆಗೂ ಕೆಳಗಿಳಿಯಬೇಕೆಂದು ಅದು ಹೇಳುತ್ತದೆ. ಬೆಡ್ ಮೇಲೆ 112 ಮಿಲಿಮೀಟರ್ ಎತ್ತರದ ಡ್ರಮ್ ಇರುವಾಗ ನಾಜಲ್ ಹೊತ್ತ ಅಡ್ಡಪಟ್ಟಿ ಅದರ ಗೋಡೆಗೆ ಅಪ್ಪಳಿಸುತ್ತದೆ. ಆ ಆಜ್ಞೆಯನ್ನು ತೆಗೆದು, ಎತ್ತರವನ್ನು ಕೈಯಿಂದಲೇ ಹೊಂದಿಸಿ ಕೊಟ್ಟರೆ ಕೆಲಸವಾಗುತ್ತದೆ. ಒಮ್ಮೆ ತಪ್ಪಿದರೆ ಆಗಿರುವ ಡ್ರಮ್ಮೂ ಹೋಗುತ್ತದೆ, ನಾಜಲ್ಲೂ ಹಾಳಾಗುತ್ತದೆ. ಹಿಂದೆ ಒಮ್ಮೆಯೂ ಇದನ್ನು ಮಾಡಿರದವರು ಪ್ರದರ್ಶನದ ಬೆಳಿಗ್ಗೆ ಕಲಿಯಲು ಹೋಗಬಾರದು.

ಮೂರನೆಯದು, ಉಳಿದ ಮೇಲಿನ ಭಾಗವನ್ನು ಮಾತ್ರ ಬೇರೆ ತುಂಡಾಗಿ ಪ್ರಿಂಟ್ ಮಾಡಿ ಅಂಟಿಸುವುದು. ಈಗಾಗಲೇ ಆದದ್ದಕ್ಕೆ ಇದರಲ್ಲಿ ಅಪಾಯವಿಲ್ಲ, ಸಮಯವೂ ಹಿಡಿತದಲ್ಲಿರುತ್ತದೆ. ಅವರು ಇದನ್ನೇ ಆರಿಸಿಕೊಂಡರು.

ಕತ್ತರಿಸಿ ಕೂಡಿಸುವುದು

ಪ್ಲಾಸ್ಟಿಕ್ ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುವುದಿಲ್ಲ. ಗಂಟು ಬಿಗಿಯುತ್ತಿದ್ದಂತೆ ಬರುವ ಪ್ರಮಾಣ ಕಡಿಮೆಯಾಗುತ್ತ ಹೋಗಿ ಆಮೇಲೆ ನಿಲ್ಲುತ್ತದೆ. ಹಾಗಾಗಿ ಕೊನೆಯ ಕೆಲವು ಪದರಗಳು ಜೇನುಗೂಡಿನಂತೆ ಟೊಳ್ಳಾಗಿರುತ್ತವೆ, ಉಗುರಿನಿಂದ ಕೆರೆದರೆ ಉದುರುತ್ತವೆ. ಅವುಗಳ ಮೇಲೆ ಅಂಟಿಸಿದ ಯಾವುದೂ ನಿಲ್ಲುವುದಿಲ್ಲ. ಡ್ರಮ್ಮಿನ ಮೇಲಿನ ಎರಡು ಮಿಲಿಮೀಟರ್ ಹೀಗೆ ದುರ್ಬಲವಾಗಿತ್ತು. ಅದನ್ನು ಉಜ್ಜಿ ತೆಗೆದು 110 ಮಿಲಿಮೀಟರಿಗೆ ಸಮ ಮಾಡುವುದು, 110ರಿಂದ 180ರವರೆಗಿನ 70 ಮಿಲಿಮೀಟರ್ ತುಂಡನ್ನು ಹೊಸದಾಗಿ ಪ್ರಿಂಟ್ ಮಾಡುವುದು ಎಂದು ತೀರ್ಮಾನವಾಯಿತು.

ಹೊಸದನ್ನು ಹಚ್ಚುವ ಮೊದಲು ನಾಜಲ್ ಸ್ವಚ್ಛವಾಗಬೇಕಿತ್ತು. ನಾಲ್ಕೂವರೆ ಗಂಟೆ ಪಿಎಲ್ಎ ಅದರೊಳಗೆ 210 ಡಿಗ್ರಿಯಲ್ಲಿ ಅಲುಗಾಡದೆ ಬೆಂದಿತ್ತು. ಹಾಗೆ ಬೆಂದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ರಂಧ್ರವನ್ನು ಕಟ್ಟಬಹುದು. ಎಳೆಯನ್ನು ಗಂಟಿನ ಬಳಿ ಕತ್ತರಿಸಿ, ಸಿಕ್ಕು ಬಿಡಿಸಿ, ಹಲ್ಲುಗಾಲಿಯ ಪುಡಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಹೊಸ ತುದಿಯನ್ನು ಕೊಟ್ಟು ಒಂದು ಗೇಣಿನಷ್ಟು ಫಿಲಮೆಂಟನ್ನು ತಳ್ಳಿದರು. ಮೊದಲು ಕಂದು ಛಾಯೆಯ ಪ್ಲಾಸ್ಟಿಕ್ ಬಂತು, ಆಮೇಲೆ ಬಿಳಿಯದು ನೇರವಾಗಿ ಕೆಳಗೆ ಇಳಿಯಿತು. ಎಳೆ ಒಂದು ಪಕ್ಕಕ್ಕೆ ಸುರುಳಿಯಾಗಿ ಬಾಗುತ್ತಿದ್ದರೆ ಒಳಗೆ ಇನ್ನೂ ಕಸ ಉಳಿದಿದೆ ಎಂದು ತಿಳಿಯಬೇಕು. ಆಗ ನಾಜಲ್ಲನ್ನು ಸುಮಾರು 90 ಡಿಗ್ರಿಗೆ ತಣಿಸಿ ಫಿಲಮೆಂಟನ್ನು ಮೇಲಕ್ಕೆ ಗಟ್ಟಿಯಾಗಿ ಎಳೆದರೆ ಅರೆಗಟ್ಟಿಯಾದ ಪ್ಲಾಸ್ಟಿಕ್ ಕಸವನ್ನೂ ಕಚ್ಚಿಕೊಂಡು ಬರುತ್ತದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ.

ಮಾದರಿಯನ್ನು ಕತ್ತರಿಸುವುದು ಸ್ಲೈಸರಿನಲ್ಲಿ ಒಂದು ನಿಮಿಷದ ಕೆಲಸ. ಪ್ರೂಸಾಸ್ಲೈಸರಿನಲ್ಲಿ ಕತ್ತರಿಸುವ ಉಪಕರಣವೇ ಇದೆ, ಎತ್ತರ ಕೊಟ್ಟರೆ ಮಾದರಿ ಎರಡಾಗುತ್ತದೆ. ಕ್ಯೂರಾದಲ್ಲಿ ಮಾದರಿಯನ್ನು 110 ಮಿಲಿಮೀಟರ್ ಬೆಡ್‌ನ ಕೆಳಕ್ಕೆ ಇಳಿಸಿದರೆ ಸಾಕು, ಬೆಡ್‌ನ ಮೇಲೆ ಉಳಿದ ಭಾಗವನ್ನಷ್ಟೇ ಅದು ಪ್ರಿಂಟಿಗೆ ತೆಗೆದುಕೊಳ್ಳುತ್ತದೆ. 0.28 ಮಿಲಿಮೀಟರಿನಂತೆ 250 ಪದರ, ಮೂರು ಗಂಟೆ ಮೂವತ್ತೇಳು ನಿಮಿಷದ ಕೆಲಸ. ಆರಿದ ಬೆಡ್‌ನಿಂದ ಹಳೆಯ ತುಂಡನ್ನು ತೆಗೆದು, ಬೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಎಂಟೂಕಾಲಿಗೆ ಹೊಸ ಪ್ರಿಂಟ್ ಆರಂಭಿಸಿದರು. ಒಬ್ಬಳು ಯಂತ್ರದ ಬಳಿಯೇ ಕುಳಿತು ಸುರುಳಿ ಸಲೀಸಾಗಿ ತಿರುಗುತ್ತಿದೆಯೇ ಎಂದು ನೋಡುತ್ತಿದ್ದಳು. ಇನ್ನೊಬ್ಬಳು ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹರಡಿ, ಡ್ರಮ್ಮನ್ನು ತಲೆಕೆಳಗಾಗಿ ಹಿಡಿದು ವೃತ್ತಾಕಾರವಾಗಿ ಉಜ್ಜಿದಳು. ಹೀಗೆ ಉಜ್ಜಿದರೆ ಅಂಚು ಎಲ್ಲ ಕಡೆ ಒಂದೇ ಸಮನಾಗಿರುತ್ತದೆ. ಕೈಯಲ್ಲಿ ಅರ ಹಿಡಿದು ಉಜ್ಜಿದರೆ ಅಂಚು ಅಲೆಅಲೆಯಾಗುತ್ತದೆ. ನಡುನಡುವೆ ನಾಲ್ಕು ಕಡೆ ಕ್ಯಾಲಿಪರ್ಸ್ ಇಟ್ಟು ನೋಡಿ, ನಾಲ್ಕೂ ಕಡೆ 110 ಬಂದಾಗ ನಿಲ್ಲಿಸಿದಳು.

ಮೇಲಿನ ತುಂಡು ಹನ್ನೊಂದು ಮುಕ್ಕಾಲು ದಾಟಿದ ಮೇಲೆ ಸಿದ್ಧವಾಯಿತು. ಬೆಡ್‌ಗೆ ಅಂಟಿದ ಮೊದಲ ಪದರ ಯಾವಾಗಲೂ ಸ್ವಲ್ಪ ಅಗಲಕ್ಕೆ ಹರಡಿಕೊಳ್ಳುತ್ತದೆ. ಇಲ್ಲಿ ಅದೇ ಕೂಡುವ ಅಂಚಾದ್ದರಿಂದ ಆ ಉಬ್ಬನ್ನೂ ಉಜ್ಜಿ ತೆಗೆಯಬೇಕಾಯಿತು. ಡ್ರಮ್ಮಿನ ರಂಧ್ರಗಳ ಸಾಲು ಎರಡು ತುಂಡುಗಳನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ತೋರಿಸಿತು. ಫೆವಿಕ್ವಿಕ್‌ನಂಥ ಅಂಟು ಪಿಎಲ್ಎಯನ್ನು ಕೆಲವೇ ಸೆಕೆಂಡುಗಳಲ್ಲಿ ಹಿಡಿಯುತ್ತದೆ. ಆಮೇಲೆ ಸರಿಪಡಿಸಲು ಸಮಯವಿರುವುದಿಲ್ಲ. ಆದ್ದರಿಂದ ಅಂಟಿಲ್ಲದೆ ಎರಡು ಸಲ ಕೂರಿಸಿ ನೋಡಿ, ಪೆನ್ಸಿಲ್ ಗುರುತು ಹಾಕಿಕೊಂಡು, ಮೂರನೆಯ ಸಲ ಅಂಟು ಹಾಕಿದರು.

ಈ ಅಂಟಿಗೆ ಒಂದು ಮಿತಿಯಿದೆ. ಎರಡು ಮುಖಗಳನ್ನು ಎಳೆದರೆ ಅದು ಚೆನ್ನಾಗಿ ತಡೆಯುತ್ತದೆ. ಪೆಟ್ಟು ಬಿದ್ದರೆ ಅಥವಾ ಒಂದು ಕಡೆಯಿಂದ ಬಗ್ಗಿಸಿದರೆ ಬಿರುಕು ಬಿಡುತ್ತದೆ. ತಿರುಗುವ ಡ್ರಮ್ಮಿನೊಳಗೆ ಅಡಿಕೆ ಬಡಿಯುತ್ತಲೇ ಇರುತ್ತದಾದ್ದರಿಂದ ಬರಿಯ ಅಂಟನ್ನು ನೆಚ್ಚುವಂತಿರಲಿಲ್ಲ. ಮೇಲಿನ ತುಂಡು ಮುಗಿದ ಕೂಡಲೇ ಯಂತ್ರದಲ್ಲಿ ಇನ್ನೊಂದು ಸಣ್ಣ ಭಾಗ ಹಚ್ಚಿದ್ದರು: 8 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಒಂದು ಪಟ್ಟಿ. ಅದರ ಒಳವ್ಯಾಸವನ್ನು ಡ್ರಮ್ಮಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚಿಗೆ ಇಟ್ಟಿದ್ದರು. ಅಷ್ಟು ಸಡಿಲ ಬಿಡದಿದ್ದರೆ ಪ್ರಿಂಟ್ ಮಾಡಿದ ಭಾಗಗಳು ಒಂದರೊಳಗೊಂದು ಹೋಗುವುದಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಆ ಪಟ್ಟಿ ಸಿದ್ಧವಾಯಿತು. ಕೂಡಿದ ಗೆರೆಯ ಮೇಲೆ ಹೊರಗಿನಿಂದ ಅದನ್ನು ಕೂರಿಸಿ ಅಂಟಿಸಿದರು. ಬಗ್ಗಿಸುವ ಬಲವನ್ನು ಈಗ ಪಟ್ಟಿ ಹೊರುತ್ತದೆ, ಅಂಟಿನ ಗೆರೆ ಹೊರುವುದಿಲ್ಲ. ಪಟ್ಟಿಯ ತೂಕ ಸುಮಾರು 10 ಗ್ರಾಂ. ನಿಧಾನವಾಗಿ ತಿರುಗುವ ಡ್ರಮ್ಮಿಗೆ ಅದರಿಂದ ತೊಂದರೆಯಿಲ್ಲ.

ಒಂದು ಗಂಟೆಯೊಳಗೆ ಡ್ರಮ್ ತನ್ನ ಚೌಕಟ್ಟಿನಲ್ಲಿ ಕೂತು ತಿರುಗಿತು. ಮಧ್ಯಾಹ್ನ ತೀರ್ಪುಗಾರರೊಬ್ಬರು ಪಟ್ಟಿಯನ್ನು ತೋರಿಸಿ, “ಇದು ಏತಕ್ಕಮ್ಮಾ?” ಎಂದು ಕೇಳಿದರು. “ಸರ್, ಡ್ರಮ್ ಎರಡು ತುಂಡಲ್ಲಿದೆ. ರಾತ್ರಿ ಪ್ರಿಂಟ್ 112 ಮಿಲಿಮೀಟರಿಗೆ ನಿಂತುಹೋಯ್ತು,” ಎಂದು ಮೆಕ್ಯಾನಿಕಲ್‌ನವಳು ನಡೆದದ್ದನ್ನು ಹೇಳಿದಳು. ಗೆಳತಿ ಸುರುಳಿಯಿಂದ ಕತ್ತರಿಸಿ ತೆಗೆದಿದ್ದ ಕೊರೆದ ಎಳೆಯ ತುಂಡನ್ನು ತೋರಿಸಿದಳು.

ಮುಂದಿನ ರಾತ್ರಿಗಳಿಗೆ

ಈ ಕಥೆಯಿಂದ ತೆಗೆದುಕೊಳ್ಳಬೇಕಾದ ಎಚ್ಚರಿಕೆಗಳು ಹೆಚ್ಚೇನಿಲ್ಲ. ಫಿಲಮೆಂಟಿನ ತುದಿಯನ್ನು ಎಂದೂ ಕೈಯಿಂದ ಬಿಡಬಾರದು. ಸುರುಳಿಯ ಅಂಚಿನಲ್ಲಿ ತುದಿ ಸಿಕ್ಕಿಸಲೆಂದೇ ಸಣ್ಣ ತೂತುಗಳಿರುತ್ತವೆ. ಸುರುಳಿ ತೆಗೆದ ಕೂಡಲೇ ತುದಿಯನ್ನು ಅಲ್ಲಿ ಸಿಕ್ಕಿಸಬೇಕು. ಜಾರಿದ್ದು ಗೊತ್ತಾದರೆ ಹತ್ತಾರು ಸುತ್ತು ಬಿಚ್ಚಿ, ಎಳೆ ಯಾವುದರ ಅಡಿಯಲ್ಲೂ ಸಿಕ್ಕಿಲ್ಲವೆಂದು ನೋಡಿ, ಮತ್ತೆ ಬಿಗಿಯಾಗಿ ಸುತ್ತಿಕೊಳ್ಳಬೇಕು.

ದೊಡ್ಡ ಭಾಗವನ್ನು ಮೊದಲೇ ಎರಡು-ಮೂರು ತುಂಡುಗಳಾಗಿ ವಿನ್ಯಾಸ ಮಾಡುವುದು ಇನ್ನೂ ಮೇಲು. ಹದಿಮೂರು ಗಂಟೆಯ ಒಂದು ಪ್ರಿಂಟ್ ಕೊನೆಯ ಗಂಟೆಯಲ್ಲಿ ಕೆಟ್ಟರೆ ಹದಿಮೂರೂ ಗಂಟೆ ಅಪಾಯಕ್ಕೆ ಸಿಲುಕುತ್ತದೆ. ನಾಲ್ಕು ಗಂಟೆಯ ಮೂರು ಪ್ರಿಂಟುಗಳಲ್ಲಿ ಒಂದು ಕೆಟ್ಟರೆ ಹೋಗುವುದು ನಾಲ್ಕೇ ಗಂಟೆ. ತುಂಡುಗಳು ಒಂದರೊಳಗೊಂದು ಕೂರುವ ಅಂಚನ್ನು ಮಾದರಿ ಬಿಡಿಸುವಾಗಲೇ ಸೇರಿಸಿದರೆ ಹೊರಗಿನ ಪಟ್ಟಿಯೂ ಬೇಕಾಗುವುದಿಲ್ಲ. ಚಿಕ್ಕ ಪ್ರಿಂಟುಗಳನ್ನು ಹಗಲಿನಲ್ಲಿ, ಯಾರಾದರೂ ಎದುರಿಗಿರುವಾಗ ಮಾಡಿಕೊಳ್ಳಬಹುದು.

ರಾತ್ರಿ ಓಡಿಸಲೇಬೇಕಾದರೆ ಯಂತ್ರದ ಹತ್ತಿರ ಕಾಗದ, ಬಟ್ಟೆ, ಸ್ಪಿರಿಟ್ ಇಡಬಾರದು. ಬಿಸಿ ಹಿಡಿತ ತಪ್ಪಿದಾಗ ತಾನೇ ಆರುವ ರಕ್ಷಣೆ ಯಂತ್ರದ ತಂತ್ರಾಂಶದಲ್ಲಿ ಚಾಲೂ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೋಣೆಯಲ್ಲಿ ಹೊಗೆ ಪತ್ತೆ ಹಚ್ಚುವ ಅಲಾರಂ ಇರಬೇಕು. ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಬೆಡ್‌ನ ಬಿಸಿಯನ್ನು ಹೊರುವುದು ಕೆಲವು ನಿಮಿಷ ಮಾತ್ರ. ಇಡೀ ರಾತ್ರಿಯ ಭರವಸೆಯನ್ನು ಅದರ ಮೇಲೆ ಇಡುವಂತಿಲ್ಲ.

ಪ್ರದರ್ಶನಕ್ಕೆ ಸಿದ್ಧವಾಗುವ ವಿದ್ಯಾರ್ಥಿಗಳು ಅತಿ ದೊಡ್ಡ ಭಾಗವನ್ನು ಎಲ್ಲಕ್ಕಿಂತ ಮೊದಲು, ಕನಿಷ್ಠ ಒಂದು ವಾರ ಮುಂಚೆಯೇ ಪ್ರಿಂಟ್ ಮಾಡಿಕೊಳ್ಳಬೇಕು. ಆದರೂ ಕೆಟ್ಟರೆ ಭಾಗವನ್ನು ಬುಟ್ಟಿಗೆ ಎಸೆಯುವ ಮೊದಲು ಕ್ಯಾಲಿಪರ್ಸ್ ಹಿಡಿದು ಅದರ ಎತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕವೂ ಆ ಒಂದು ಅಂಕೆಯಿಂದಲೇ ಆರಂಭವಾಗುತ್ತದೆ.